ಬೆಂಗಳೂರು-ಹೈದರಾಬಾದ್ ಕಂಪನಿ ಪಟ್ಟಿ: ಯಾವುದು ಕ್ಯಾಪ್ಟಿವ್, ಯಾವುದು ಸರ್ವಿಸ್ ಕಂಪನಿ, ಹ್ಯಾಂಗ ಗುರ್ತು ಹಿಡೀಬೇಕು?

ತೊಗರಿನಾಡು_ಹುಡುಗ
ಎಲ್ಲರಿಗೂ ಶರಣ್ರಿ. ನಾವು ಕಲಬುರಗಿ ಕಾಲೇಜಿನ ಹಳೇ ಹುಡುಗ್ರು ನಾಕೈದು ಮಂದಿ ಸೇರಿ ಈ ವರ್ಷ ಫೈನಲ್ ಇಯರ್ ಹುಡುಗ್ರಿಗೆ ಒಂದು ಪಟ್ಟಿ ಮಾಡ್ಲಿಕತ್ತೀವಿ. ಬೆಂಗಳೂರು ಮತ್ತ ಹೈದರಾಬಾದ್‌ದಾಗ ಇರೋ ಕಂಪನಿ ಹೆಸರು, ಏರಿಯಾ, ಏನ್ ಕೆಲಸ, ಕಡೀಗೆ "ಬಗೆ" ಅಂತ ಒಂದು ಕಾಲಂ. ಆ ಕಾಲಂದಾಗ ಎರಡೇ ಮಾತು: ಕ್ಯಾಪ್ಟಿವ್ ಇಲ್ಲಾ ಜಿಸಿಸಿ ಅಂತಾರಲ್ಲ ಆ ಫಾರಿನ್ ಕಂಪನಿಯ ಸ್ವಂತ ಸೆಂಟರ್, ಇಲ್ಲಾಂದ್ರ ಮಂದಿ ಕೆಲಸ ಹಿಡದು ಮಾಡೋ ಸರ್ವಿಸ್ ಕಂಪನಿ. 140 ಹೆಸರು ಕೂಡಸೀವಿ, ಅದ್ರಾಗ 60ಕ್ಕ ಈ ಕಾಲಂ ಖಾಲಿ ಅದ.

ತ್ರಾಸ ಏನಂದ್ರ ಆನ್‌ಲೈನ್‌ದಾಗ ಸಿಗೋ ಪಟ್ಟಿ ಎಲ್ಲಾ ಕಲಸುಮೇಲೋಗರ. ಟಾರ್ಗೆಟ್, ಆಕ್ಸೆಂಚರ್, ಇನ್ಫೋಸಿಸ್ ಮೂರೂ ಒಂದೇ ಸಾಲಿನಾಗ "ಐಟಿ ಎಂಎನ್‌ಸಿ" ಅಂತ ಬರದಾರ. ಒಂದು ಪಟ್ಟಿಯಾಗ ಸರ್ವಿಸ್ ಅಂತ ಇದ್ದದ್ದು ಇನ್ನೊಂದ್ರಾಗ ಜಿಸಿಸಿ ಅಂತ ಅದ. ಒಂದು ಹೈದರಾಬಾದ್ ಕಂಪನಿ ಅಂತೂ ನನ್ನ ತಲಿ ಕೆಡಿಸ್ಯದ, ಅದರ ಹೆಸರು ಇಲ್ಲಿ ಹಾಕಂಗಿಲ್ಲ. ವೆಬ್‌ಸೈಟ್‌ದಾಗ "ವಿಮಾ ಕ್ಷೇತ್ರದ ಟೆಕ್ನಾಲಜಿ ಪಾರ್ಟ್‌ನರ್" ಅಂತದ, ಆದ್ರ ಯಾವ ಗಿರಾಕಿ ಹೆಸರೂ ಇಲ್ಲ. ಬೋರ್ಡಿನ ಮ್ಯಾಲೆ ಒಂದು ಹೆಸರು, ನಮ್ಮ ಜೂನಿಯರ್ ಆಫರ್ ಲೆಟರ್‌ದಾಗ ಮತ್ತೊಂದು. ಇದಕ್ಕ ಏನ್ ಬರೀಲಿ?

ಎಂಎನ್‌ಸಿ_ಮಂಜ್ಯಾ
ಇಷ್ಟಕ್ಕ ಇಷ್ಟುದ್ದ ಪೋಸ್ಟ್ ಯಾಕೋ ತಮ್ಮಾ. ಮುಂದ ಫಾರಿನ್ ಹೆಸರು, ಹಿಂದ "ಇಂಡಿಯಾ ಪ್ರೈವೇಟ್ ಲಿಮಿಟೆಡ್" ಇದ್ರ ಕ್ಯಾಪ್ಟಿವ್. ದೇಸಿ ಹೆಸರು ಇದ್ರ ಸರ್ವಿಸ್. ಅರ್ಧ ತಾಸಿನ ಕೆಲಸ.

ಮೆಜೆಸ್ಟಿಕ್_ಮೈತ್ರಿ
ಹಾಗಾದ್ರೆ ಕಾಗ್ನಿಜೆಂಟ್ ಏನು? ಕ್ಯಾಪ್‌ಜೆಮಿನಿ ಏನು? ಒಂದರ ಮುಖ್ಯ ಕಚೇರಿ ಅಮೆರಿಕ, ಇನ್ನೊಂದರದು ಫ್ರಾನ್ಸ್. ಎರಡೂ ಊರವರ ಕೆಲಸ ಮಾಡೋ ಸರ್ವಿಸ್ ಕಂಪನಿಗಳೇ. ಹೆಸರು ನೋಡಿ ಹಾಕಿದ್ರೆ ಮೊದಲ ಹತ್ತರಲ್ಲೇ ನಾಲ್ಕು ತಪ್ಪಾಗುತ್ತೆ.

ಎಂಎನ್‌ಸಿ_ಮಂಜ್ಯಾ
ಅವು ಎಲ್ಲರಿಗೂ ಗೊತ್ತಿರೋವು ಬಿಡ್ರಿ ಮೇಡಂ, ನಾ ಹೇಳಿದ್ದು ಗೊತ್ತಿಲ್ಲದವುಕ್ಕ.

ಶಹಾಬಾದ್_ಕಾಕಾ
ಕ್ಯಾಪ್ಟಿವ್ ಬಗ್ಗೆ ನನಗ ಕೇಳ್ರಿ, ಸಿಮೆಂಟ್ ಫ್ಯಾಕ್ಟರಿ ಪವರ್ ಪ್ಲಾಂಟ್‌ದಾಗ 31 ವರ್ಷ ತೆಗದೀನಿ. ಫ್ಯಾಕ್ಟರಿ ತನ್ನ ಕರೆಂಟ್ ತಾನ ಮಾಡ್ಕೊಂಡ್ರ ಅದು ಕ್ಯಾಪ್ಟಿವ್. 2005ರ ಎಲೆಕ್ಟ್ರಿಸಿಟಿ ರೂಲ್ಸ್‌ದಾಗ ಲೆಕ್ಕ ಸಾಫ್ ಅದ: ಕರೆಂಟ್ ಬಳಸವ್ರ ಹಂತೇಕ ಕನಿಷ್ಠ 26 ಪರ್ಸೆಂಟ್ ಮಾಲಕಿ ಇರಬೇಕು, ವರ್ಷಕ್ಕ ಹುಟ್ಟಿದ ಕರೆಂಟಿನಾಗ ಕನಿಷ್ಠ 51 ಪರ್ಸೆಂಟ್ ಅವ್ರೇ ಸುಡಬೇಕು. ಹೈದರಾಬಾದ್‌ದಾಗ ಯಾವ ಫ್ಯಾಕ್ಟರಿ ಅದೋ ಹೇಳ್ರಿ, ಬಾಯ್ಲರ್ ಕೆಪ್ಯಾಸಿಟಿ ಎಷ್ಟು?

ಸುರಪುರ_ಸೀನ
ಕಾಕಾ 😂😂 ಇದು ಸಾಫ್ಟ್‌ವೇರ್ ಕಂಪನೀದು, ಬಾಯ್ಲರ್ ಇಲ್ಲ

ಶಹಾಬಾದ್_ಕಾಕಾ
ಆತ್ ಬಿಡಪ್ಪಾ. ನಾ ಶೀರ್ಷಿಕೆ ಅರ್ಧ ಓದಿದ್ದೆ.

ಲೆಕ್ಕದ_ರುದ್ರ
ನಗಬ್ಯಾಡ್ರಿ, ಕಾಕಾ ಹೇಳಿದ್ರಾಗೇ ಉತ್ತರ ಅದ. ನಾ ಆಡಿಟ್‌ದಾಗ ಒಂಬತ್ತು ವರ್ಷ ಇದ್ದೆ, ಇಂಥ ಕಂಪನಿ ಪುಸ್ತಕ ಭಾಳ ತಿರವೀನಿ. ನೋಡ್ರಿ, ಕಾಕಾ ಎರಡು ಪ್ರಶ್ನೆ ಕೇಳಿದ್ರು. ಮಾಲಕ ಯಾರು? ಮಾಡಿದ ಮಾಲು ಯಾರಿಗೆ ಹೋಗ್ತದ? ಪಟ್ಟಿ ಮಾಡವ್ರೆಲ್ಲ ಮೊದಲನೇ ಪ್ರಶ್ನೆ ಒಂದೇ ಕೇಳಿ ಬಿಡ್ತಾರ, ಅದಕ್ಕ ಆಕ್ಸೆಂಚರ್, ಟಾರ್ಗೆಟ್ ಒಂದೇ ಸಾಲಿಗೆ ಬರ್ತಾವ. ಎರಡಕ್ಕೂ ಮಾಲಕ ಹೊರಗಿನವರೇ. ಆದ್ರ ಟಾರ್ಗೆಟ್‌ನ ಬೆಂಗಳೂರು ಆಫೀಸು ಅಮೆರಿಕದ ತನ್ನ ಅಂಗಡಿಗಳ ಕೆಲಸ ಮಾಡ್ತದ, ಇಂಡಿಯಾದಾಗ ಅದರದು ಒಂದು ಅಂಗಡಿ ಸೈತ ಇಲ್ಲ. ಆಕ್ಸೆಂಚರ್ ಸಾವಿರಾರು ಬ್ಯಾರೆ ಕಂಪನಿ ಕೆಲಸ ಮಾಡ್ತದ. ಕ್ಯಾಪ್ಟಿವ್ ಆಗಬೇಕಾದ್ರ ಎರಡನೇ ಪ್ರಶ್ನೆಗೂ "ಮನಿಯವ್ರಿಗೇ" ಅಂತ ಉತ್ತರ ಬರಬೇಕು.

ನಮ್ಮ ಕಡೀ ದಾಲ್ ಮಿಲ್ ತಗೋರಿ. ಒಬ್ಬ ಸಾವಕಾರ ತನ್ನ ತೊಗರಿ ಅಷ್ಟೇ ಬ್ಯಾಳಿ ಮಾಡ್ಸ್ತಾನ. ಇನ್ನೊಬ್ಬ ಯಾರ ಚೀಲ ತಂದ್ರೂ ಕ್ವಿಂಟಲ್‌ಗೆ ಇಷ್ಟು ಅಂತ ಕೂಲಿ ತಗೊಂಡು ಒಡದು ಕೊಡ್ತಾನ. ಮಿಷನ್ ಅದೇ, ಆಳು ಅವೇ. ಹೊರಗ ನಿಂತು ನೋಡಿದ್ರ ಫರಕ್ ತಿಳಿಯಂಗಿಲ್ಲ, ಖಾತೆ ಪುಸ್ತಕ ನೋಡಿದ್ರ ಒಂದು ನಿಮಿಷದಾಗ ತಿಳೀತದ.

ತೊಗರಿನಾಡು_ಹುಡುಗ
ರುದ್ರಣ್ಣ, ಆ ಖಾತೆ ಪುಸ್ತಕ ನಮ್ಮಂಥವ್ರಿಗೆ ಯಾರ್ ತೋರಸ್ತಾರ?

ಎಂಎನ್‌ಸಿ_ಮಂಜ್ಯಾ
ಸಿಐಎನ್, ಅಂದ್ರ ಕಂಪನಿ ನೋಂದಣಿ ನಂಬರ್ ನೋಡಿದ್ರ ಆತಲ್ಲ! ಸರ್ಕಾರದ ಎಂಸಿಎ ಸೈಟ್‌ದಾಗ ಎಲ್ಲಾ ಕಂಪನಿದೂ ಸಿಗ್ತದ, ವೆಬ್‌ಸೈಟಿನ ಬುಡದಾಗೂ ಬರದಿರ್ತಾರ. ನಡುವ FTC ಇದ್ರ ಫಾರಿನ್ ಕಂಪನಿಯ ಮಗು. ಹಿಂಗಿರ್ತದ ನೋಡ್ರಿ, ಇದು ನಾ ಸುಮ್ನ ಬರದಿದ್ದು:

```
U72900KA2011FTC000000
```

ಮೊದಲ U ಅಂದ್ರ ಷೇರ್ ಪೇಟೆದಾಗ ಇಲ್ಲ, L ಇದ್ರ ಅದ. KA ಕರ್ನಾಟಕ, 2011 ನೋಂದಣಿ ಆದ ವರ್ಷ. FTC ಇದ್ರ ಕ್ಯಾಪ್ಟಿವ್, PTC ಇದ್ರ ದೇಸಿ. ಈಗ ಆತಿಲ್ಲೋ?

ತೊಗರಿನಾಡು_ಹುಡುಗ
ಮಂಜಣ್ಣ ಅದನ್ನ ನೋಡೀನಿ. ಆ ಹೈದರಾಬಾದ್ ಕಂಪನೀದು PTC ಅದ, ಅದಕ್ಕ ದೇಸಿ ಸರ್ವಿಸ್ ಅಂತ ಬರ್ದಿದ್ದೆ. ಆಮ್ಯಾಲೆ ಜೂನಿಯರ್ "ಅಣ್ಣಾ ನಮ್ಮ ಮ್ಯಾನೇಜರ್ ಎಲ್ಲಾ ಅಮೆರಿಕದವ್ರು, ಒಂದೇ ವಿಮಾ ಕಂಪನಿ ಕೆಲಸ" ಅಂದ, ಅಲ್ಲಿಂದ ಅನುಮಾನ ಹತ್ತಿದ್ದು.

ಲೆಕ್ಕದ_ರುದ್ರ
ಮಂಜುನಾಥ್ ಅವ್ರು ಸಂಖ್ಯೆ ಬಿಡಿಸಿದ್ದು ಬರೋಬ್ಬರಿ ಅದ, ಕೊನೀ ಸಾಲು ತಪ್ಪು. FTC ಮಾಲಕಿ ಬಗ್ಗೆ ಹೇಳ್ತದ, ಕೆಲಸ ಯಾರದು ಅನ್ನೋದು ಅದಕ್ಕ ಗೊತ್ತಿಲ್ಲ. ಫಾರಿನ್ ಸರ್ವಿಸ್ ಕಂಪನಿಯ ಮಗುವಿಗೂ FTC ಬರಬಹುದು. ಉಲ್ಟಾನೂ ಆಗ್ತದ. ಇಲ್ಲೇ ಹುಟ್ಟಿದ ದೇಸಿ ಕಂಪನಿ PTC ಅಂತ ನೋಂದಣಿ ಆಗಿರ್ತದ, ಆಮ್ಯಾಲೆ ಹೊರಗಿನವ್ರು ಪೂರಾ ಕೊಳ್ತಾರ, ಸಿಐಎನ್ ಹಂಗೇ ಉಳೀತದ. ಅಂದ್ರ PTC ನೋಡಿ ದೇಸಿ ಅನ್ನಂಗಿಲ್ಲ.

ಖಾತೆ ನೋಡೋದು ಕಷ್ಟ ಇಲ್ಲ ತಮ್ಮಾ. ಎಂಸಿಎ ಸೈಟ್‌ದಾಗ ಲಾಗಿನ್ ಆಗಿ ಪಬ್ಲಿಕ್ ಡಾಕ್ಯುಮೆಂಟ್ ನೋಡೋದಕ್ಕ ಹೋಗು, ಕಂಪನಿಗೊಂದು 100 ರೂಪಾಯಿ. ಎರಡೇ ಫಾರಂ ಸಾಕು. MGT-7, ಅದ್ರಾಗ ಷೇರು ಯಾರ ಹಂತೇಕ ಅವ, ಮ್ಯಾಲಿನ ಹೋಲ್ಡಿಂಗ್ ಕಂಪನಿ ಯಾವ್ದು ಅಂತ ಇರ್ತದ. AOC-4, ಅದಕ್ಕ ಆಡಿಟ್ ಆದ ಲೆಕ್ಕ ಹಚ್ಚಿರ್ತಾರ. ಮುಂದಿನ ಬ್ಯಾಲೆನ್ಸ್ ಶೀಟ್ ಬಿಟ್ಟು ಸೀದಾ ಹಿಂದ ಹೋಗು, ನೋಟ್ಸ್‌ದಾಗ "ರಿಲೇಟೆಡ್ ಪಾರ್ಟಿ" ಅಂತ ಒಂದು ನೋಟ್ ಸಿಗ್ತದ. ಅಲ್ಲಿ ತಾಯಿ ಕಂಪನಿಗೆ, ಅಕ್ಕ-ತಂಗಿ ಕಂಪನಿಗಳಿಗೆ ಎಷ್ಟು ರೂಪಾಯಿ ಕೆಲಸ ಮಾಡಿ ಕೊಟ್ಟೀವಿ ಅಂತ ಬರೀಲೇಬೇಕು. ಆ ಆಕಡಾನ ಒಟ್ಟು ಆದಾಯದ ಬಾಜೂಕ ಇಟ್ಟು ನೋಡು. ಎರಡೂ ಹೆಚ್ಚುಕಮ್ಮಿ ಒಂದೇ ಇದ್ರ ಕ್ಯಾಪ್ಟಿವ್.

ಇನ್ನೊಂದು ಗುರ್ತು ಅದ. ಕ್ಯಾಪ್ಟಿವ್ ಸಾಮಾನ್ಯವಾಗಿ ಮಾರ್ಕೆಟ್ ರೇಟಿನ ಮ್ಯಾಲೆ ಬಿಲ್ ಮಾಡಂಗಿಲ್ಲ. ಪಗಾರ, ಬಾಡಿಗಿ, ಕರೆಂಟ್ ಎಲ್ಲಾ ಖರ್ಚು ಕೂಡಿಸಿ ಅದರ ಮ್ಯಾಲೆ ಇಂತಿಷ್ಟು ಪರ್ಸೆಂಟ್ ಅಂತ ತಾಯಿ ಕಂಪನಿಗೆ ಬಿಲ್ ಹಾಕ್ತದ. ಇನ್‌ಕಂ ಟ್ಯಾಕ್ಸ್‌ನವ್ರು "ತಾಯಿಗೆ ಮಾಡಿದ ಕೆಲಸಕ್ಕೂ ಲಾಭ ತೋರ್ಸು" ಅಂತ ಕೂಡ್ತಾರಲ್ಲ, ಅದಕ್ಕ. 2017ರಾಗ ಬಂದ ಸೇಫ್ ಹಾರ್ಬರ್ ರೂಲ್‌ದಾಗ ಸಾಫ್ಟ್‌ವೇರ್ ಕೆಲಸಕ್ಕ ಖರ್ಚಿನ ಮ್ಯಾಲೆ 17, ದೊಡ್ಡ ವಹಿವಾಟು ಇದ್ರ 18 ಪರ್ಸೆಂಟ್ ಅಂತ ಇಟ್ಟಿದ್ರು, ಅಷ್ಟು ತೋರ್ಸಿದ್ರ ಹೆಚ್ಚಿಗಿ ಪ್ರಶ್ನೆ ಕೇಳ್ತಿರ್ಲಿಲ್ಲ. ಎಲ್ಲರೂ ಅದನ್ನೇ ಹಿಡಿಯಂಗಿಲ್ಲ, ಕಮ್ಮಿ ಹಿಡದು ತಮ್ಮ ಲೆಕ್ಕ ತಾವು ಸಮರ್ಥಿಸ್ಕೊಳ್ಳವ್ರೂ ಇದಾರ. ಆದ್ರ ಯಾವ್ದೇ ಪರ್ಸೆಂಟ್ ಇರ್ಲಿ, ವರ್ಷಾವರ್ಷ ಅದೇ ಬರ್ತದ, ಗೆರಿ ಎಳದಂಗ. ಸರ್ವಿಸ್ ಕಂಪನೀದು ಹಂಗಿರಂಗಿಲ್ಲ, ಒಂದು ದೊಡ್ಡ ಗಿರಾಕಿ ಹೋದ್ರ ಲಾಭ ಕುಸೀತದ, ಡಾಲರ್ ಏರಿದ್ರ ಏರ್ತದ.

ಸುರಪುರ_ಸೀನ
ಅಣ್ಣಾ 60 ಕಂಪನಿಗೆ 100 ಅಂದ್ರ 6000 ಆತು. ನಮ್ಮ ಪಿಜಿ ಬಾಡಿಗಿ ಅದು

ಲೆಕ್ಕದ_ರುದ್ರ
ಎಲ್ಲದಕ್ಕೂ ಬ್ಯಾಡ. ಹತ್ತರಾಗ ಎಂಟು ಸುಮ್ನ ಗೊತ್ತಾಗ್ತಾವ. ವೆಬ್‌ಸೈಟಿನಾಗ ಗಿರಾಕಿಗಳ ಕಥಿ ಬರದು "ನಮಗ ಕೆಲಸ ಕೊಡ್ರಿ" ಅಂತ ಫಾರಂ ಇಟ್ಟಿದ್ರ ಸರ್ವಿಸ್. ತಾಯಿ ಕಂಪನಿ ವೆಬ್‌ಸೈಟಿನಾಗ ಒಂದು ಮೂಲ್ಯಾಗ "ನಮ್ಮ ಇಂಡಿಯಾ ಆಫೀಸ್" ಅಂತಷ್ಟೇ ಇದ್ದು, ಮಾರಾಟಕ್ಕ ಏನೂ ಇಲ್ಲ, ಬರೇ ನೌಕರಿ ಜಾಹೀರಾತು ಅಷ್ಟೇ ಅಂದ್ರ ಕ್ಯಾಪ್ಟಿವ್. ಡೌಟ್ ಇದ್ದವುಕ್ಕ ಮಾತ್ರ 100 ಕೊಡ್ರಿ.

ಬೀದರ್_ಅಕ್ಕ
ನಂದೊಂದು ಹೇಳ್ತೀನಿ. 2021ರಾಗ ಬೆಂಗಳೂರಿನಾಗ ಒಂದು ಫಾರಿನ್ ಬ್ಯಾಂಕಿನ ಟೆಕ್ ಸೆಂಟರಿಗೆ ಸೇರ್ದೆ. ಬಿಲ್ಡಿಂಗ್ ಬ್ಯಾಂಕಿಂದು, ಲ್ಯಾಪ್‌ಟಾಪ್ ಬ್ಯಾಂಕಿಂದು, ಇಮೇಲ್ ಬ್ಯಾಂಕಿಂದು, ಕೊಳ್ಳಾಗಿನ ಪಟ್ಟಿ ಬಣ್ಣ ಮಾತ್ರ ಬ್ಯಾರೆ ಇತ್ತು, ನಾ ಅದರ ಕಡೆ ಲಕ್ಷ್ಯ ಕೊಡ್ಲಿಲ್ಲ. ಮನಿಯಾಗ ಎಲ್ಲರಿಗೂ ಬ್ಯಾಂಕಿನಾಗ ನೌಕರಿ ಅಂತ ಹೇಳಿದ್ದೆ, ಅಪ್ಪಾಜಿ ಝರಣಿ ನರಸಿಂಹನ ಗುಡಿಗೂ ಹೋಗಿ ಬಂದ್ರು. ಪಿಎಫ್ ಪಾಸ್‌ಬುಕ್ ತೆಗದು ನೋಡಿದ್ರ ಕಂಪನಿ ಹೆಸರು ಬ್ಯಾರೇನೇ! ಒಂದು ಮಂದಿ ಕಳಸೋ ಏಜೆನ್ಸಿ, ಅದರ ಮ್ಯಾಲೆ ಒಂದು ಸರ್ವಿಸ್ ಕಂಪನಿ, ಅದರ ಮ್ಯಾಲೆ ಬ್ಯಾಂಕ್. 11 ತಿಂಗಳಿಗೆ "ಕ್ಲೈಂಟ್ ಬಜೆಟ್ ಇಲ್ಲ" ಅಂತ ಬಿಟ್ಟು ಕಳಿಸಿದ್ರು. ಬ್ಯಾಂಕಿನ ಸ್ವಂತ ಮಂದಿ ಎಲ್ಲಾ ಅಲ್ಲೇ ಉಳದ್ರು. ಅದಕ್ಕ ನಿಮ್ಮ ಪಟ್ಟಿಯಾಗ ಕಂಪನಿ ಬಗೆ ಬರದ್ರ ಸಾಲಂಗಿಲ್ಲ, ಪಗಾರ ಹಾಕೋರು ಯಾರು ಅಂತ ಕೇಳಾಕ ಹೇಳ್ರಿ ಹುಡುಗ್ರಿಗೆ.

ಮೆಜೆಸ್ಟಿಕ್_ಮೈತ್ರಿ
ಅಕ್ಕ ಹೇಳಿದ್ದು ತುಂಬಾ ಕಾಮನ್. ನಾನು ನೇಮಕಾತಿಯಲ್ಲೇ ಇರೋದು. ಜಾಹೀರಾತಲ್ಲಿ "ಪ್ರಮುಖ ಅಮೆರಿಕನ್ ಬ್ಯಾಂಕಿಗೆ ಬೇಕಾಗಿದ್ದಾರೆ" ಅಂತ ಇದ್ದು ಬ್ಯಾಂಕಿನ ಹೆಸರೇ ಇಲ್ಲ ಅಂದ್ರೆ ಹಾಕಿರೋರು ಬ್ಯಾಂಕ್ ಅಲ್ಲ ಅಂತಾನೇ ಅನುಮಾನ ಪಡಿ. ಸ್ವಂತ ಸೆಂಟರ್ ನೇಮಕ ಮಾಡ್ಕೊಳ್ಳೋದಾದ್ರೆ ಹೆಸರು ಮುಚ್ಚಿಡೋ ಅಗತ್ಯ ಇರೋದು ಕಡಿಮೆ. ಆಫರ್ ಲೆಟರ್ ಬಂದಾಗ ಮೇಲಿನ ಲೋಗೋ ನೋಡಬೇಡಿ, ಸಹಿ ಕೆಳಗೆ ಇರೋ ಪೂರ್ತಿ ಹೆಸರು ನೋಡಿ. ಸೇರಿದ ಮೇಲೆ ಪಿಎಫ್ ಪಾಸ್‌ಬುಕ್, ಫಾರಂ 16 ಎರಡರಲ್ಲೂ ಅದೇ ಹೆಸರು ಬರಬೇಕು.

ಇನ್ನೊಂದು ತೊಡಕು, ಒಂದೇ ಬ್ರ್ಯಾಂಡ್ ಕೆಳಗೆ ನಾಲ್ಕು ಕಂಪನಿ ಇರುತ್ತೆ. ಅಮೆಜಾನ್ ನೋಡಿ, ಸಾಫ್ಟ್‌ವೇರ್ ಮಾಡೋ ಡೆವಲಪ್‌ಮೆಂಟ್ ಸೆಂಟರ್ ಬೇರೆ ಕಂಪನಿ, ಇಲ್ಲಿ ಮಾರಾಟದ ವೇದಿಕೆ ನಡೆಸೋ ಸೆಲ್ಲರ್ ಸರ್ವಿಸಸ್ ಬೇರೆ ಕಂಪನಿ. ಪಟ್ಟಿಯಲ್ಲಿ "ಅಮೆಜಾನ್" ಅಂತ ಒಂದೇ ಸಾಲು ಇದ್ರೆ ಬಗೆ ಕಾಲಂನಲ್ಲಿ ಏನು ಬರೆದ್ರೂ ಅರ್ಧ ತಪ್ಪೇ.

ಸುರಪುರ_ಸೀನ
ಒಂದು ಡೌಟು. 371ಜೆ ಸರ್ಟಿಫಿಕೇಟ್ ಈ ಕ್ಯಾಪ್ಟಿವ್‌ದಾಗ ನಡೀತದೇನ್ರಿ?

ಬೀದರ್_ಅಕ್ಕ
ಇಲ್ಲೋ ತಮ್ಮಾ, ಅದು ಸರ್ಕಾರಿ ನೌಕರಿಗೆ ಮತ್ತ ಕಾಲೇಜ್ ಸೀಟಿಗೆ. ಪ್ರೈವೇಟಿನವ್ರು ಕೇಳಂಗೂ ಇಲ್ಲ.

ಎಂಎನ್‌ಸಿ_ಮಂಜ್ಯಾ
ನಮ್ಮ ಕಡೀಗೆ ಒಂದು ದೊಡ್ಡ ಕಂಪನಿ ಬರಂಗಿಲ್ಲ, ಬೆಂಗಳೂರಿಗೆ ವಂದೇ ಭಾರತ್ ಮಾತ್ರ ಬಿಟ್ಟಾರ 2024ರಾಗ. ಹೋಗ್ರಿ ಅಲ್ಲೇ ದುಡೀರಿ ಅಂತ.

ಶಹಾಬಾದ್_ಕಾಕಾ
ಅದರ ಟಿಕೆಟ್ ಕೊಡೋದಕ್ಕ ಒಂದು ಪಗಾರ ಬೇಕು.

ಹೈಟೆಕ್‌ಸಿಟಿ_ಹಣಮಂತ
ಎರಡು ದಿನ ಲೇಟ್ ಆಗಿ ಬಂದೀನಿ, ಆದ್ರ ಒಂದು ಮಾತು ಯಾರೂ ಹೇಳಿಲ್ಲ. ಇದು ನಿಂತ ನೀರಲ್ಲ. ಇವತ್ತು ಕ್ಯಾಪ್ಟಿವ್ ಇದ್ದದ್ದು ನಾಳೆ ಸರ್ವಿಸ್ ಆಗ್ತದ. ಜೆನ್‌ಪ್ಯಾಕ್ಟ್ ಅಂತ ಅದಲ್ಲ, ಅದು 1997ರಾಗ ಜಿಇ ಕಂಪನಿಯ ಒಳಗಿನ ಕೆಲಸಕ್ಕ ಶುರುವಾಗಿದ್ದು, 2005ರಾಗ ಬ್ಯಾರೆ ಆಗಿ ಹೊರಗಿನ ಗಿರಾಕಿ ಹಿಡೀತು. ಮೈತ್ರಿ ಮೇಡಂ ಹೇಳಿದ ಕಾಗ್ನಿಜೆಂಟೂ ಹಂಗೇ, 1994ರಾಗ ಡನ್ ಅಂಡ್ ಬ್ರ್ಯಾಡ್‌ಸ್ಟ್ರೀಟ್ ಮನಿ ಕೆಲಸಕ್ಕ ಹುಟ್ಟಿದ್ದು. ಡಬ್ಲ್ಯೂಎನ್‌ಎಸ್ ಮೊದಲು ಬ್ರಿಟಿಷ್ ಏರ್‌ವೇಸ್‌ದು. ಇಲ್ಲೇ ಹೈದರಾಬಾದ್‌ದಾಗ ಯುಬಿಎಸ್ ಬ್ಯಾಂಕಿನ ಸ್ವಂತ ಸೆಂಟರ್ ಇತ್ತು, 2009ರಾಗ ಕಾಗ್ನಿಜೆಂಟಿಗೆ ಮಾರಿದ್ರು. ಅದೇ ಕುರ್ಚಿ, ಅದೇ ಕೆಲಸ, ಕಾರ್ಡ್ ಅಷ್ಟೇ ಬದಲು. ಹಳೇ ಪಟ್ಟಿ ಕಾಪಿ ಹೊಡದವ್ರು ಇದನ್ನ ತಿದ್ದಿರಂಗಿಲ್ಲ, ಅದಕ್ಕೇ ಒಂದ್ರಾಗ ಹಂಗ, ಒಂದ್ರಾಗ ಹಿಂಗ.

ನಾ ಈಗ ಇರೋದು ಇನ್ನೂ ಚಂದ. ಸರ್ವಿಸ್ ಕಂಪನಿ ಒಂದು ಫಾರಿನ್ ಕಂಪನಿ ಸಲುವಾಗಿ ಸೆಂಟರ್ ಕಟ್ಟಿ, ಮೂರು ವರ್ಷ ನಡೆಸಿ, ಆಮ್ಯಾಲೆ ಅವರ ಕೈಗೆ ಒಪ್ಪಸ್ತದ ಅಂತ ಕರಾರು. ಈಗ ಎರಡನೇ ವರ್ಷ. ಬೋರ್ಡ್ ಫಾರಿನ್ ಕಂಪನೀದು, ಪಗಾರ ಸರ್ವಿಸ್ ಕಂಪನೀದು. ನಿಮ್ಮ ಕಾಲಂದಾಗ ನನಗ ಎಲ್ಲಿ ಕುಂದ್ರಸ್ತೀರಿ?

ತೊಗರಿನಾಡು_ಹುಡುಗ
ಹಣಮಂತಣ್ಣ ನೀ ಬಂದು ಇನ್ನೊಂದು ಗಂಟು ಹಾಕ್ದಿ 😭

ಲೆಕ್ಕದ_ರುದ್ರ
ಕೈ ಬದಲಾಗೋ ತನಕ ಸರ್ವಿಸ್ ಅಂತ ಬರೀರಿ, ಬಾಜೂಕ ವರ್ಷ ಹಾಕ್ರಿ. ಕಾನೂನಿನ ಪ್ರಕಾರ ನೌಕರಿ ಕೊಟ್ಟವ್ರು ಅವ್ರೇ.

ಹೈಟೆಕ್‌ಸಿಟಿ_ಹಣಮಂತ
ಕಾಗದದಾಗ ಖರೆ. ಆದ್ರ ನನ್ನ ಇಂಟರ್‌ವ್ಯೂ ತಗೊಂಡವ್ರು ಫಾರಿನ್ ಕಂಪನಿ ಮಂದಿ, ಅವ್ರು ಬ್ಯಾಡ ಅಂದಿದ್ರ ನನಗ ಆಫರೇ ಇಲ್ಲ. ಹುಡುಗ್ರಿಗೆ ತಯಾರಿ ಮಾಡ್ಕೊಳ್ಳೋದಕ್ಕ ಅದೇ ಮುಖ್ಯ ಅಲ್ಲೇನು.

ತೊಗರಿನಾಡು_ಹುಡುಗ
ಸರಿ ಮಂದಿ, 100 ರೂಪಾಯಿ ಖರ್ಚ್ ಮಾಡ್ದೆ. ಆ ಹೈದರಾಬಾದ್ ಕಂಪನಿ ಕಾಗದ ತೆಗಿಸೀನಿ, ರುದ್ರಣ್ಣ ಹೇಳಿದಂಗ ನೋಡೀನಿ. ರಾತ್ರಿ ಒಂದೂವರಿ ತನಕ ಕುಂತಿದ್ದೆ.

MGT-7ದಾಗ ಷೇರು ಎಲ್ಲಾ ನೆದರ್ಲೆಂಡ್ಸ್‌ದಾಗಿನ ಒಂದು ಕಂಪನಿ ಹಂತೇಕ ಅವ, ಒಂದೇ ಒಂದು ಷೇರು ಮಾತ್ರ ಇನ್ನೊಂದು ಗ್ರೂಪ್ ಕಂಪನಿ ಹೆಸರಿಗದ. ಆ ಒಂದು ಷೇರು ಯಾಕ ಬಿಟ್ಟಾರ ತಿಳೀಲಿಲ್ಲ. ಮತ್ತ ತಾಯಿ ಅಮೆರಿಕದ್ದು ಅಂತ ಜೂನಿಯರ್ ಹೇಳ್ತಾನ, ಇದು ನೋಡಿದ್ರ ನೆದರ್ಲೆಂಡ್ಸ್.

AOC-4ದಾಗ ಒಟ್ಟು ಮೂರು ವರ್ಷದ್ದು ಬರ್ಕೊಂಡೀನಿ. ಮೊದಲನೇ ವರ್ಷ ಖರ್ಚು 50 ಕೋಟಿ, ಆದಾಯ 57.5. ಎರಡನೇ ವರ್ಷ ಖರ್ಚು 66, ಆದಾಯ 75.9. ಭಾಗಿಸಿ ನೋಡಿದ್ರ ಎರಡೂ ವರ್ಷ ಬರೋಬ್ಬರಿ 15 ಪರ್ಸೆಂಟ್! ಓದಿ ಮೈ ಜುಮ್ ಅಂತು ಖರೆ ಹೇಳ್ತೀನಿ. ಆದ್ರ ಮೂರನೇ ವರ್ಷದ್ದು ಖರ್ಚು 80, ಆದಾಯ 94, ಅಂದ್ರ ಹದಿನೇಳೂವರಿ. ಗೆರಿ ಮುರೀತು. ಹಂಗಾದ್ರ ಇದು ಕ್ಯಾಪ್ಟಿವ್ ಅಲ್ಲೇನು?

ಲೆಕ್ಕದ_ರುದ್ರ
ಭಲೇ ತಮ್ಮಾ! ಒಂದೊಂದಾಗಿ ನೋಡೂಣು.

ಆ ಒಂದು ಷೇರು: ಪ್ರೈವೇಟ್ ಲಿಮಿಟೆಡ್ ಅಂದ್ರ ಕನಿಷ್ಠ ಇಬ್ಬರು ಮೆಂಬರ್ ಇರಲೇಬೇಕು. ಅದಕ್ಕ ನೂರಕ್ಕ ನೂರು ತಂದೇ ಇದ್ರೂ ಒಂದು ಷೇರು ಇನ್ನೊಬ್ಬರ ಹೆಸರಿಗೆ ಇಡ್ತಾರ. ಅದು ಪೂರಾ ಸ್ವಂತದ್ದು ಅನ್ನೋದಕ್ಕ ಒಳ್ಳೇ ಗುರ್ತು. ನೆದರ್ಲೆಂಡ್ಸ್: ಅಮೆರಿಕದ ದೊಡ್ಡ ಕಂಪನಿ ನಡುವ ಒಂದು ಹೋಲ್ಡಿಂಗ್ ಕಂಪನಿ ಇಟ್ಟು ಅದರ ಮುಖಾಂತರ ಇಲ್ಲಿ ಹಿಡದಿರ್ತದ. ಮ್ಯಾಲಿನ ಕಡೀ ಮಾಲಕ ಯಾರು ಅಂತ ಅದೇ ರಿಲೇಟೆಡ್ ಪಾರ್ಟಿ ನೋಟಿನ ಮೊದಲ ಸಾಲಿನಾಗ ಬರದಿರ್ತಾರ, ನೋಡು.

ಇನ್ನ ಹದಿನೇಳೂವರಿ. ಆ 94ರಾಗ ಗ್ರೂಪಿಗೆ ಎಷ್ಟು, ಹೊರಗ ಎಷ್ಟು?

ತೊಗರಿನಾಡು_ಹುಡುಗ
ನೋಡ್ದೆ. ಮೊದಲ ಸಾಲಿನಾಗ ಅಮೆರಿಕದ ವಿಮಾ ಕಂಪನಿ ಹೆಸರು ಖರೇನೇ ಅದ! ಆದಾಯದ್ದು, ಗ್ರೂಪಿಗೆ 88 ಕೋಟಿ. ಉಳದ 6 ಕೋಟಿ ಆ ನೋಟಿನಾಗ ಇಲ್ಲ, ಅಂದ್ರ ಹೊರಗಿಂದ ಬಂದಂಗ. ಹಿಂದಿನ ಎರಡು ವರ್ಷ ಮಾತ್ರ ಪೂರಾ ಗ್ರೂಪಿಗೇ.

ಇನ್ನೊಂದು ಸಿಕ್ತು. ಅದೇ ಕಂತೆದಾಗ ಐದಾರು ವರ್ಷದ ಹಿಂದಿನ ಕಾಗದನೂ ಇದ್ವು. ಆಗ ಷೇರು ಎಲ್ಲಾ ಹೈದರಾಬಾದಿನ ಮೂರು ಮಂದಿ ಹೆಸರಿಗೆ ಇದ್ವು, ರಿಲೇಟೆಡ್ ಪಾರ್ಟಿ ನೋಟಿನಾಗ ಡೈರೆಕ್ಟರ್ ಪಗಾರ ಬಿಟ್ರ ಏನೂ ಇಲ್ಲ. ಅಂದ್ರ ಇದು ಮೊದಲು ದೇಸಿ ಸರ್ವಿಸ್ ಕಂಪನಿನೇ ಇತ್ತು, ಅಮೆರಿಕದವ್ರು ಆಮ್ಯಾಲೆ ಕೊಂಡಾರ. PTC ಯಾಕ ಅಂತ ಈಗ ತಿಳೀತು.

ಎಂಎನ್‌ಸಿ_ಮಂಜ್ಯಾ
ಹಂಗಾದ್ರ ನನ್ನ ಸಿಐಎನ್ ಲೆಕ್ಕ ತಪ್ಪಲ್ಲ, ಹುಟ್ಟಿದಾಗ ದೇಸಿನೇ ಇತ್ತಲ್ಲ.

ಬೀದರ್_ಅಕ್ಕ
ಮಂಜಣ್ಣಾ ಹುಟ್ಟಿದಾಗ ನೀನೂ ಕೂಸೇ ಇದ್ದಿ.

ಲೆಕ್ಕದ_ರುದ್ರ
😂 ಗೆರಿ ಯಾಕ ಮುರೀತು ಅನ್ನೋದೂ ಇದ್ರಾಗೇ ಅದ. ಮನಿ ಕೆಲಸಕ್ಕ ಖರ್ಚಿನ ಮ್ಯಾಲೆ 15 ಹಾಕೋದು ಹಂಗೇ ನಡದಿರಬೇಕು, ಹೊರಗಿನ 6 ಕೋಟಿ ಕೆಲಸದಾಗ ಮಾತ್ರ ಜಾಸ್ತಿ ಲಾಭ ಸಿಕ್ಕದ, ಎರಡೂ ಕೂಡಿ ಹದಿನೇಳೂವರಿ ಆಗ್ಯದ. ಇದು ನನ್ನ ಅಂದಾಜು, ಖರ್ಚು ಬ್ಯಾರೆ ಬ್ಯಾರೆ ತೋರಿಸಿದ್ರ ಪಕ್ಕಾ ಹೇಳಬಹುದು. 94ಕ್ಕ 88 ಅಂದ್ರ ಹತ್ರ ಹತ್ರ 94 ಪರ್ಸೆಂಟ್ ಮನಿ ಕೆಲಸ. ನಾ ಆದ್ರ ಕ್ಯಾಪ್ಟಿವ್ ಅಂತ ಬರೀತೀನಿ, "ಹೊರಗಿನ ಕೆಲಸ ಶುರು" ಅಂತ ಒಂದು ಟಿಪ್ಪಣಿ ಹಾಕ್ತೀನಿ.

ಹೈಟೆಕ್‌ಸಿಟಿ_ಹಣಮಂತ
ಜೆನ್‌ಪ್ಯಾಕ್ಟೂ ಮೊದಲು ಹಿಂಗೇ ಮನಿ ಕೆಲಸ ಮಾಡ್ತಿತ್ತು ಅನ್ನೋದು ಮರೀಬ್ಯಾಡ್ರಿ.

ಶಹಾಬಾದ್_ಕಾಕಾ
ನಮ್ಮ ಲೆಕ್ಕದಾಗ 51 ದಾಟಿದ್ರ ಕ್ಯಾಪ್ಟಿವ್, ಉಳದದ್ದು ಗ್ರಿಡ್ಡಿಗೆ ಮಾರ್ಕೋ. ನಿಮ್ಮಲ್ಲಿ ಆ ಗೆರಿ ಎಷ್ಟಕ್ಕ ಎಳದಾರ?

ಲೆಕ್ಕದ_ರುದ್ರ
ಕಾಕಾ, ಅದೇ ಜಗಳ. ಕರೆಂಟಿಗೆ ರೂಲ್ ಅದ, ಇಲ್ಲಿ ಅಂಥ ಗೆರಿ ಕಂಪನಿ ಕಾಯ್ದೆದಾಗ ಇಲ್ಲ. ಕ್ಯಾಪ್ಟಿವ್ ಅನ್ನೋದು ಧಂದೆದವ್ರು ಇಟ್ಕೊಂಡ ಹೆಸರು. ಬಾಷ್ ನೋಡ್ರಿ, ಬಾಷ್ ಗ್ಲೋಬಲ್ ಸಾಫ್ಟ್‌ವೇರ್ ಟೆಕ್ನಾಲಜೀಸ್ ಪೂರಾ ಜರ್ಮನಿಯ ಬಾಷ್‌ದು, ಮೊದಲು ಮನಿ ಕೆಲಸ, ಆದ್ರ ಹೊರಗಿನ ಗಿರಾಕಿಗೂ ಮಾಡ್ತದ. ಎಂಫಸಿಸ್ ಇನ್ನೂ ವಿಚಿತ್ರ. ಷೇರ್ ಪೇಟೆದಾಗ ಇದ್ದ ಸರ್ವಿಸ್ ಕಂಪನಿ, ಆದ್ರ ಎಚ್‌ಪಿ ಮಾಲಕ ಆಗಿದ್ದಾಗ ಆದಾಯದ ದೊಡ್ಡ ಪಾಲು ಎಚ್‌ಪಿ ಮುಖಾಂತರ ಬರ್ತಿತ್ತು. 2016ರಾಗ ಬ್ಲ್ಯಾಕ್‌ಸ್ಟೋನ್ ಕೊಂಡ್ತು, ಅದು ಬಂಡವಾಳ ಹಾಕೋ ಸಂಸ್ಥೆ, ಅದಕ್ಕ ಮಾಡಿಕೊಡೋ ಮನಿ ಕೆಲಸ ಏನಿಲ್ಲ. ಮಾಲಕ ಫಾರಿನ್ ಇದ್ರೂ ಕ್ಯಾಪ್ಟಿವ್ ಅನ್ನೋ ಮಾತೇ ಬರಂಗಿಲ್ಲ.

ಮೆಜೆಸ್ಟಿಕ್_ಮೈತ್ರಿ
ಎಂಫಸಿಸ್‌ನ ಎಚ್‌ಪಿ ಕಾಲದಲ್ಲೂ ಯಾರೂ ಕ್ಯಾಪ್ಟಿವ್ ಅಂತ ಕರೀತಿರಲಿಲ್ಲ ಬಿಡಿ. ಎಚ್‌ಪಿ ಗಿರಾಕಿಗಳ ಕೆಲಸ ಎಚ್‌ಪಿ ಮೂಲಕ ಬರ್ತಿತ್ತು, ಎಚ್‌ಪಿಯ ಸ್ವಂತ ಕೆಲಸ ಅಷ್ಟೇ ಅಲ್ಲ. ಅಂದ್ರೆ ನಿಮ್ಮ ರಿಲೇಟೆಡ್ ಪಾರ್ಟಿ ಆಕಡಾನೂ ಮೋಸ ಮಾಡಬಹುದು ರುದ್ರ ಅವ್ರೇ. ಆಕ್ಸೆಂಚರ್ ಥರದ ಕಂಪನಿಯ ಇಂಡಿಯಾ ಶಾಖೆ ತಗೊಳ್ಳಿ. ಗಿರಾಕಿ ಜೊತೆ ಕರಾರು ಹೊರದೇಶದ ಗ್ರೂಪ್ ಕಂಪನಿ ಮಾಡ್ಕೊಂಡು ಇಲ್ಲಿಗೆ ಕೆಲಸ ಕಳಿಸಿದ್ರೆ, ಇಲ್ಲಿನ ಪುಸ್ತಕದಲ್ಲಿ ಬಿಲ್ ಎಲ್ಲಾ ಗ್ರೂಪಿಗೇ ತೋರ್ಸುತ್ತೆ. ನಿಮ್ಮ ಲೆಕ್ಕದ ಪ್ರಕಾರ ಅದೂ ಕ್ಯಾಪ್ಟಿವ್ ಆಗಿಬಿಡುತ್ತೆ!

ಲೆಕ್ಕದ_ರುದ್ರ
ಇದು ಪಾಯಿಂಟ್. ನಾ ಹೇಳಬೇಕಿತ್ತು, ಬಿಟ್ಟೆ. ಗ್ರೂಪಿಗೇ ಬಿಲ್ ಅಂತ ಬಂದ್ರ ಅಲ್ಲಿಗೇ ನಿಲ್ಲಂಗಿಲ್ಲ, ಮ್ಯಾಲಿನ ತಾಯಿ ಕಂಪನಿ ಧಂದೆ ಏನು ಅಂತ ನೋಡಬೇಕು. ತಾಯಿ ವಿಮೆ ಮಾರ್ತಾಳೋ, ಕಿರಾಣಿ ಮಾರ್ತಾಳೋ, ಸಾಲ ಕೊಡ್ತಾಳೋ, ಆಗ ಇಲ್ಲಿದ್ದದ್ದು ಮನಿ ಕೆಲಸ. ತಾಯಿನೇ ಐಟಿ ಸರ್ವಿಸ್ ಮಾರಾಕಿ ಇದ್ರ ಇಲ್ಲಿದ್ದದ್ದು ಸರ್ವಿಸ್ ಕಂಪನಿಯ ಕಾರ್ಖಾನೆ. ಮಾರ್ಜಿನ್ ಗೆರಿನೂ ಎರಡರಾಗೂ ಒಂದೇ ಥರಾ ಕಾಣಬಹುದು.

ತೊಗರಿನಾಡು_ಹುಡುಗ
ಬರ್ಕೊಂಡೆ ಮೈತ್ರಿ ಅಕ್ಕಾ, ರುದ್ರಣ್ಣ. ಹಂಗಾದ್ರ ಒಂದು ಕಾಲಂ ಒಡದು ಮೂರು ಮಾಡ್ತೀವಿ: ತಾಯಿ ಕಂಪನಿ ಧಂದೆ ಏನು, ಬಿಲ್ ಯಾರಿಗೆ, ಯಾವ ವರ್ಷದ ಕಾಗದ ನೋಡಿದ್ದು. "ಕ್ಯಾಪ್ಟಿವ್" ಅನ್ನೋ ಮಾತು ಓದವ್ರು ತಾವೇ ಹಚ್ಕೊಳ್ಳಿ.

ಸುರಪುರ_ಸೀನ
ಅಣ್ಣಾ ನಮಗ ಮೂರು ಕಾಲಂ ಯಾರ್ ಓದ್ತಾರ, ಹೌದು ಇಲ್ಲ ಅಂತ ಹಾಕ್ರಿ ಸಾಕು. ಎದಕ್ಕ ಏನ್ ಓದ್ಕೊಂಡು ಹೋಗ್ಬೇಕು ಅದು ಹೇಳ್ರಿ

ಹೈಟೆಕ್‌ಸಿಟಿ_ಹಣಮಂತ
ಸೀನನ ಮಾತೂ ಖರೆ ಅದ. ಮತ್ತ ನನ್ನ ಕಂಪನಿ ಎಲ್ಲಿ ಹಾಕಿದ್ರಿ ಅಂತ ಯಾರೂ ಇನ್ನೂ ಹೇಳಿಲ್ಲ.

ಲೆಕ್ಕದ_ರುದ್ರ
ಹೇಳೀನಲ್ಲ, ಸರ್ವಿಸ್.

ಹೈಟೆಕ್‌ಸಿಟಿ_ಹಣಮಂತ
ಒಪ್ಪಂಗಿಲ್ಲ.

ತೊಗರಿನಾಡು_ಹುಡುಗ
ಉಳದ 59ರಾಗ ರುದ್ರಣ್ಣನ ಉಪಾಯದಿಂದ, ಬರೇ ವೆಬ್‌ಸೈಟ್ ನೋಡಿ 41 ಮುಗದ್ವು. 18 ಉಳದಾವ, ಅಂದ್ರ 1800 ರೂಪಾಯಿ. ಹೋದ ವರ್ಷದ ಲೆಕ್ಕ ಬೇಕಂದ್ರ ನವೆಂಬರ್ ತನಕ ತಡೀತೀವಿ, ಸೆಪ್ಟೆಂಬರ್ 30ರ ಒಳಗ ವಾರ್ಷಿಕ ಸಭಾ, ಆಮ್ಯಾಲೆ 30 ದಿನದಾಗ AOC-4 ಹಾಕ್ತಾರಂತ. ಯಾರರೆ ಎರಡೆರಡು ಕಂಪನಿ ಹಂಚ್ಕೋತೀರೇನು?

ಬೀದರ್_ಅಕ್ಕ
ನನಗ ಬ್ಯಾಂಕಿನವು ಎರಡು ಕೊಡು. ಒಂದು ಯಾವ್ದು ಅಂತ ನಿನಗ ಗೊತ್ತದ.

ಶಹಾಬಾದ್_ಕಾಕಾ
ನನ್ನ ಹೆಸರಿಗೂ ಎರಡು ಬರ್ಕೋ. ಆದ್ರ ಆ ಸೈಟಿನಾಗ ಲಾಗಿನ್ ಹ್ಯಾಂಗ ಆಗೋದು, ಮನಿಗಿ ಬಂದು ತೋರ್ಸಪ್ಪಾ.